ಜಾಹೀರಾತು ನೋಡಿ ಅರ್ಜಿ ಹಾಕುವುದು: ಫೋನಿನ ಒಂದು ಪರದೆಯಲ್ಲಿ ಮುಗಿಯುವ ಇಮೇಲ್

ಪತ್ರಿಕೆಯ ಒಳಪುಟದಲ್ಲಿ ಇಂಥದ್ದೊಂದು ಜಾಹೀರಾತು ಬಂದಿದೆ ಅಂದುಕೊಳ್ಳಿ:

"ಅಕೌಂಟೆಂಟ್ ಬೇಕಾಗಿದ್ದಾರೆ. ಬಿ.ಕಾಂ. ಆಗಿರಬೇಕು. ಟ್ಯಾಲಿ ಕಡ್ಡಾಯ. ಜಿಎಸ್‌ಟಿ ಕೆಲಸ ಗೊತ್ತಿರಬೇಕು. ಕನಿಷ್ಠ 2 ವರ್ಷ ಅನುಭವ. ಸ್ಟಾಕ್ ಲೆಕ್ಕ ಇಟ್ಟವರಿಗೆ ಆದ್ಯತೆ. ಬೇಗ ಸೇರುವವರು ಸಂಬಳದ ನಿರೀಕ್ಷೆ ತಿಳಿಸಿ ಬಯೋಡೇಟಾ ಇಮೇಲ್ ಮಾಡಿ. ಸ್ಥಳ: ಗೋಕುಲ ರಸ್ತೆ, ಹುಬ್ಬಳ್ಳಿ."

ಕೊಟ್ಟವರು ಪಂಪ್‌ಸೆಟ್ ಮತ್ತು ಬಿಡಿಭಾಗ ಮಾರುವ ಒಬ್ಬ ಡೀಲರ್. ಅಲ್ಲಿ ಎಚ್‌ಆರ್ ವಿಭಾಗ ಅಂತ ಯಾವುದೂ ಇರುವುದಿಲ್ಲ. ಬಂದ ಮೇಲ್‌ಗಳನ್ನು ಮಾಲೀಕರೇ ನೋಡುತ್ತಾರೆ. ಅದೂ ಕೌಂಟರ್ ಹಿಂದೆ ನಿಂತು, ಫೋನಿನಲ್ಲಿ, ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವುದರೊಳಗೆ. ಬಯೋಡೇಟಾ ತೆರೆಯಬೇಕೋ ಬೇಡವೋ ಅನ್ನುವುದನ್ನು ಅವರು ಮೇಲ್‌ನ ಮೊದಲ ಕೆಲವು ಸಾಲು ನೋಡಿಯೇ ತೀರ್ಮಾನಿಸುತ್ತಾರೆ. ಹಾಗಾಗಿ ಮೇಲ್ ಫೋನಿನ ಒಂದು ಪರದೆಯಲ್ಲಿ, ಬೆರಳಿನಿಂದ ಮೇಲೆ ತಳ್ಳದೆ ಓದಿ ಮುಗಿಸುವಷ್ಟು ಇರಬೇಕು. ಸುಮಾರು ಹತ್ತು-ಹನ್ನೊಂದು ಚಿಕ್ಕ ವಾಕ್ಯ.

ಈ ಜಾಹೀರಾತಿಗೆ ಧಾರವಾಡದ ಒಬ್ಬ ಹುಡುಗಿ ಉತ್ತರ ಬರೆಯುತ್ತಾಳೆ ಅಂತ ಇಟ್ಟುಕೊಂಡು, ಮೊದಲಿಂದ ಕೊನೆವರೆಗೆ ಮಾಡಿ ನೋಡೋಣ. ಅವಳು ಬಿ.ಕಾಂ. ಮುಗಿಸಿದ್ದಾಳೆ. ಒಂದೂವರೆ ವರ್ಷದಿಂದ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಟ್ಯಾಲಿ ಚೆನ್ನಾಗಿ ಬರುತ್ತದೆ. ಎನ್ನೆಸ್ಸೆಸ್ ಸರ್ಟಿಫಿಕೇಟ್ ಇದೆ, ರಂಗೋಲಿ ಸ್ಪರ್ಧೆಯ ಬಹುಮಾನ ಇದೆ, ಟೈಪಿಂಗ್ ಪರೀಕ್ಷೆ ಪಾಸಾಗಿದೆ. ಇದರಲ್ಲಿ ಮೇಲ್‌ಗೆ ಏನು ಹೋಗಬೇಕು?

ಮೊದಲು ಪೆನ್ನು ಹಿಡಿದು ಜಾಹೀರಾತು ಓದಿ

ಜಾಹೀರಾತಿನ ಪ್ರತಿಯೊಂದು ಬೇಡಿಕೆಯ ಕೆಳಗೂ ಗೆರೆ ಎಳೆಯಿರಿ. ನಮ್ಮ ಜಾಹೀರಾತಿನಲ್ಲಿ ಏಳು ಸಿಗುತ್ತವೆ: ಬಿ.ಕಾಂ., ಟ್ಯಾಲಿ, ಜಿಎಸ್‌ಟಿ, 2 ವರ್ಷ, ಸ್ಟಾಕ್, ಬೇಗ ಸೇರುವುದು, ಸಂಬಳ. ಎಲ್ಲಕ್ಕೂ ಒಂದೇ ತೂಕ ಇಲ್ಲ. "ಕಡ್ಡಾಯ", "ಇರಬೇಕು" ಅಂದದ್ದು ಇಲ್ಲದಿದ್ದರೆ ಮೇಲ್ ಅಲ್ಲಿಗೇ ನಿಲ್ಲುತ್ತದೆ. "ಆದ್ಯತೆ" ಅಂದದ್ದು ಇದ್ದರೆ ನೀವು ಉಳಿದವರಿಗಿಂತ ಮುಂದೆ ಹೋಗುತ್ತೀರಿ. "ತಿಳಿಸಿ" ಅಂದದ್ದನ್ನು ತಿಳಿಸದಿದ್ದರೆ ಜಾಹೀರಾತನ್ನೇ ಸರಿಯಾಗಿ ಓದಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಲೆಕ್ಕದ ಕೆಲಸಕ್ಕೆ ಬರುವವರ ಮೇಲೆ ಅದೇ ಮೊದಲ ಅನುಮಾನ ಹುಟ್ಟಿಸುವ ವಿಷಯ.

ಇನ್ನು ಬೇಡಿಕೆಯ ಹಿಂದೆ ಏನಿದೆ ಅಂತ ಸ್ವಲ್ಪ ಯೋಚಿಸಬೇಕು. ಇದೇ ಇಡೀ ಕೆಲಸದ ತಿರುಳು. "ಜಿಎಸ್‌ಟಿ ಕೆಲಸ ಗೊತ್ತಿರಬೇಕು" ಅಂತ ಡೀಲರ್ ಬರೆದಾಗ ಅವರ ತಲೆಯಲ್ಲಿ ಇರುವುದು ತೆರಿಗೆಯ ಪಾಠ ಅಲ್ಲ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆಯ ಲೆಕ್ಕ ತೋರಿಸಿ ಕಟ್ಟುವ ಜಿಎಸ್‌ಟಿಆರ್-3ಬಿ ಹೋಗಬೇಕು. ತಡವಾದರೆ ದಿನಕ್ಕಿಷ್ಟು ಅಂತ ಲೇಟ್ ಫೀ. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಇವರಿಗೆ ಪಂಪ್ ಮಾರಿದ ಕಂಪನಿ ತನ್ನ ರಿಟರ್ನ್‌ನಲ್ಲಿ ಆ ಬಿಲ್ ತೋರಿಸದಿದ್ದರೆ, ಅದು ಇವರ 2ಬಿಯಲ್ಲಿ, ಅಂದರೆ ಪೋರ್ಟಲ್‌ನಲ್ಲಿ ಪ್ರತಿ ತಿಂಗಳು ಸಿಗುವ ಖರೀದಿ ಬಿಲ್ಲುಗಳ ಪಟ್ಟಿಯಲ್ಲಿ, ಬರುವುದಿಲ್ಲ. ಪಟ್ಟಿಯಲ್ಲಿ ಬರದ ಬಿಲ್ಲಿಗೆ ಕೊಟ್ಟ ತೆರಿಗೆಯನ್ನು ಆ ತಿಂಗಳು ತಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯುವಂತಿಲ್ಲ, ಅಷ್ಟನ್ನೂ ಕೈಯಿಂದ ಕಟ್ಟಬೇಕು. ಹಾಗಾಗಿ ಪ್ರತಿ ತಿಂಗಳು ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡಿ, ಯಾರದ್ದು ಬಂದಿಲ್ಲವೋ ಅವರಿಗೆ ಫೋನ್ ಮಾಡುವ ಒಬ್ಬರು ಬೇಕು. ಮಾಲೀಕರು ಹುಡುಕುತ್ತಿರುವುದು ಆ ಒಬ್ಬರನ್ನು.

ನಮ್ಮ ಹುಡುಗಿ ಆಡಿಟರ್ ಆಫೀಸಿನಲ್ಲಿ ದಿನಾ ಮಾಡುವುದೂ ಅದನ್ನೇ. ಆದರೆ ಅವಳು ಮೊದಲ ಸಲ ಬರೆದದ್ದು ಹೀಗಿರುತ್ತದೆ:

"ಮಾನ್ಯರೇ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಖಾಲಿ ಇರುವ ಅಕೌಂಟೆಂಟ್ ಹುದ್ದೆಗೆ ಅರ್ಜಿ ಸಲ್ಲಿಸಲು ಇಚ್ಛಿಸುತ್ತೇನೆ. ನಾನು ಬಿ.ಕಾಂ. ಪದವೀಧರೆಯಾಗಿದ್ದು, ಟ್ಯಾಲಿ ಮತ್ತು ಜಿಎಸ್‌ಟಿಯಲ್ಲಿ ಉತ್ತಮ ಜ್ಞಾನ ಹೊಂದಿರುತ್ತೇನೆ. ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ದುಡಿಯುತ್ತೇನೆ. ಒಂದು ಅವಕಾಶ ಮಾಡಿಕೊಡಬೇಕೆಂದು ತಮ್ಮಲ್ಲಿ ಕಳಕಳಿಯ ವಿನಂತಿ."

ತಪ್ಪು ಅಂತ ಏನೂ ಇಲ್ಲ. ಆದರೆ ಈ ಪತ್ರವನ್ನು ಹೆಸರು ಬದಲಿಸಿ ಯಾರು ಬೇಕಾದರೂ ಕಳಿಸಬಹುದು. "ಉತ್ತಮ ಜ್ಞಾನ" ಅಂದರೆ ಎಷ್ಟು? "ಪ್ರಾಮಾಣಿಕ" ಅಂತ ಎಲ್ಲರೂ ಬರೆಯುತ್ತಾರೆ, ಕದಿಯುವವನು ಇನ್ನೂ ಜೋರಾಗಿ ಬರೆಯುತ್ತಾನೆ. ಓದುವವರ ಕೈಗೆ ಹಿಡಿಯಲು ಏನೂ ಸಿಗಲಿಲ್ಲ.

ಮೂರು ಅಂಶ ಆರಿಸುವುದು

ಇಷ್ಟು ಚಿಕ್ಕ ಮೇಲ್‌ನಲ್ಲಿ ಮೂರು ಅಂಶಗಳಿಗೆ ಜಾಗ ಇರುತ್ತದೆ. ನಾಲ್ಕನೆಯದು ಸೇರಿಸಿದರೆ ಮೊದಲ ಮೂರು ತೆಳುವಾಗುತ್ತವೆ. ಆರಿಸುವಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಇದು ಜಾಹೀರಾತಿನ ಯಾವ ಗೆರೆಗೆ ಉತ್ತರ? ಮತ್ತು, ಇದನ್ನು ಅವರು ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ ಪರೀಕ್ಷಿಸಬಹುದಾ?

ಎನ್ನೆಸ್ಸೆಸ್ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ. ರಂಗೋಲಿಯೂ ಅಷ್ಟೇ. ಟೈಪಿಂಗ್ ಬಯೋಡೇಟಾದಲ್ಲಿ ಇರಲಿ, ಟ್ಯಾಲಿ ಬಂದವರಿಗೆ ಟೈಪಿಂಗ್ ಬರುತ್ತದೆ ಅಂತ ಅವರಿಗೆ ಗೊತ್ತು. "ಜಿಎಸ್‌ಟಿ ಗೊತ್ತು" ಅನ್ನುವುದು ಎರಡನೆಯ ಪ್ರಶ್ನೆಯಲ್ಲಿ ಬೀಳುತ್ತದೆ. ಅದನ್ನು ಮಾಡಿದ ಕೆಲಸವಾಗಿ ಬದಲಿಸಬೇಕು. ಏನು ಮಾಡಿದೆ, ಎಷ್ಟು ಮಾಡಿದೆ, ಎಷ್ಟು ಸಲ ಮಾಡಿದೆ. "12 ಅಂಗಡಿಗಳ ತಿಂಗಳ ಜಿಎಸ್‌ಟಿ ರಿಟರ್ನ್ ತಯಾರು ಮಾಡುತ್ತೇನೆ, ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುತ್ತೇನೆ." ಈಗ ಮಾಲೀಕರು ತಲೆ ಎತ್ತುತ್ತಾರೆ. ತಾಳೆ ಅನ್ನುವ ಕೆಲಸ ಇದೆ ಅಂತ ಗೊತ್ತಿರುವುದೇ ಅವಳು ಅದನ್ನು ಮಾಡಿದ್ದಾಳೆ ಅನ್ನುವುದಕ್ಕೆ ಸಾಕ್ಷಿ.

ಇಲ್ಲಿ ಅಂಕಿಗಳು ನಿಜವಾಗಿರಬೇಕು. ಹನ್ನೆರಡನ್ನು ಮೂವತ್ತು ಮಾಡಿದರೆ ಫೋನಿನಲ್ಲಿ ಬರುವ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ನೀವು ಪೂರ್ತಿ ಮಾಡಿದ್ದು, ಸಹಾಯ ಮಾಡಿದ್ದು, ಇವೆರಡರ ವ್ಯತ್ಯಾಸ ಕ್ರಿಯಾಪದದಲ್ಲೇ ಕಾಣಬೇಕು. ರಿಟರ್ನ್ ತಯಾರು ಮಾಡುವುದು ಅವಳು, ಕೊನೆಗೆ ನೋಡಿ ಫೈಲ್ ಮಾಡುವುದು ಆಡಿಟರ್ ಆಗಿದ್ದರೆ "ತಯಾರು ಮಾಡುತ್ತೇನೆ" ಅಂತ ಬರೆಯಬೇಕು, "ಫೈಲ್ ಮಾಡುತ್ತೇನೆ" ಅಂತ ಅಲ್ಲ. ಹಾಗೆಯೇ ಆ ಅಂಗಡಿಗಳ ಹೆಸರನ್ನು ಬರೆಯಬಾರದು. ಬೇರೆಯವರ ಲೆಕ್ಕದ ಗುಟ್ಟು ಹೊರಗೆ ಹಾಕುವವಳು ನಾಳೆ ನನ್ನದನ್ನೂ ಹಾಕುತ್ತಾಳೆ ಅಂತ ಡೀಲರ್‌ಗೆ ಅನಿಸಿದರೆ ಅದು ಸರಿಯೇ.

ಸ್ಟಾಕ್ ವಿಷಯದಲ್ಲಿ ಅವಳು ಗೋಡೌನಿನಲ್ಲಿ ಕೆಲಸ ಮಾಡಿಲ್ಲ. ಹಾಗಂತ ಬಿಟ್ಟುಬಿಡಬೇಕಾ? ಬೇಡ. ಆ ಹನ್ನೆರಡರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಅದರ ಸುಮಾರು 900 ಐಟಂಗಳನ್ನು ಟ್ಯಾಲಿಯಲ್ಲಿ ಗುಂಪು ಮಾಡಿ, ಖರೀದಿ-ಮಾರಾಟ ನಮೂದಿಸಿ, ವರ್ಷದ ಕೊನೆಗೆ ಅಂಗಡಿಯವರು ಎಣಿಸಿ ಕೊಟ್ಟ ಪಟ್ಟಿಯ ಜೊತೆ ಹೋಲಿಸಿದ್ದು ಅವಳೇ. ಪಂಪ್ ಬಿಡಿಭಾಗದ ಅಂಗಡಿಗೆ ಇದಕ್ಕಿಂತ ಹತ್ತಿರದ ಅನುಭವ ಯಾವುದು? ಬಹಳ ಜನ ಇಂಥದ್ದನ್ನು "ಅದೇನು ಮಹಾ" ಅಂತ ಬಿಟ್ಟುಬಿಡುತ್ತಾರೆ. ನಿಮಗೆ ದಿನನಿತ್ಯದ್ದಾದ ಕೆಲಸ ಇನ್ನೊಬ್ಬರು ಹುಡುಕುತ್ತಿರುವ ಕೆಲಸ ಆಗಿರಬಹುದು.

ಮೂರನೆಯ ಅಂಶ ಟ್ಯಾಲಿ. ಅದು ಕಡ್ಡಾಯ ಆದ್ದರಿಂದ ಮೊದಲ ಪ್ಯಾರಾದಲ್ಲೇ ಬಂದುಬಿಡಲಿ, ಆದರೆ ಅದಕ್ಕೆ ಬೇರೆ ಸಾಲು ಬೇಡ. ಬಿ.ಕಾಂ. ಕೂಡ ಅಲ್ಲೇ, ಒಂದೇ ಪದದಲ್ಲಿ.

ಕೊರತೆಯನ್ನು ಎಲ್ಲಿ ಹೇಳಬೇಕು

ಅವರು ಕೇಳಿದ್ದು 2 ವರ್ಷ. ಅವಳದು ಒಂದೂವರೆ. ಇದನ್ನು ಮುಚ್ಚಿಟ್ಟು "ಸುಮಾರು 2 ವರ್ಷ" ಅಂತ ಬರೆಯುವವರೂ ಇದ್ದಾರೆ, ಹೆದರಿ ಅರ್ಜಿಯನ್ನೇ ಹಾಕದವರೂ ಇದ್ದಾರೆ. ನನ್ನ ಪ್ರಕಾರ ಎರಡೂ ಬೇಡ. ಆರು ತಿಂಗಳ ಕೊರತೆಗೆ ಇಂಥ ಅಂಗಡಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಕೇಳಿದ್ದು 2, ನಿಮಗಿರುವುದು ಎರಡು ತಿಂಗಳು ಅಂದರೆ ಅದು ಬೇರೆ ಮಾತು.

ಕೊರತೆಯನ್ನು ಒಂದೇ ವಾಕ್ಯದಲ್ಲಿ, ಸಾಮರ್ಥ್ಯ ಹೇಳಿದ ನಂತರ ಬರೆಯಿರಿ. ಮೊದಲೇ ಬರೆದರೆ ಉಳಿದದ್ದನ್ನು ಅದರ ಮೂಲಕವೇ ಓದುತ್ತಾರೆ. ಕ್ಷಮೆ ಕೇಳಬೇಡಿ, "ಆದರೂ ದಯವಿಟ್ಟು ಪರಿಗಣಿಸಿ" ಅಂತ ಬಾಲ ಸೇರಿಸಬೇಡಿ. "ನೀವು ಕೇಳಿದ 2 ವರ್ಷಕ್ಕೆ ಆರು ತಿಂಗಳು ಕಡಿಮೆ ಇದೆ." ಇಷ್ಟೇ. ಲೆಕ್ಕದವಳು ಲೆಕ್ಕವನ್ನು ನೇರವಾಗಿ ಹೇಳಿದಳು ಅನಿಸಬೇಕು.

ಸಂಬಳದ ವಿಷಯದಲ್ಲಿ "ನಿಮ್ಮ ಇಷ್ಟ", "ಕಂಪನಿ ನಿಯಮದಂತೆ" ಅಂತ ಬರೆಯುವುದು ಸುಮ್ನೆ ಜಾಗ ವ್ಯರ್ಥ. ಅವರು ಕೇಳಿದ್ದಾರೆ, ಒಂದು ಅಂಕಿ ಹೇಳಿ. ಈಗ ಸಿಗುತ್ತಿರುವುದು, ಧಾರವಾಡದಿಂದ ದಿನಾ ಹೋಗಿ ಬರುವ ಬಸ್ ಖರ್ಚು, ಇದರ ಮೇಲೆ ನೀವು ನಿಜವಾಗಿ ಒಪ್ಪುವ ಮೊತ್ತ. ಅವಳು 20,000 ಅಂತ ಇಟ್ಟುಕೊಂಡಿದ್ದಾಳೆ. ಮಾತಾಡಿ ಹೆಚ್ಚು ಕಡಿಮೆ ಆಗಬಹುದು, ಅದು ಎದುರಿಗೆ ಕೂತಾಗಿನ ಮಾತು. ಜಾಹೀರಾತಿನಲ್ಲಿ ಸಂಬಳ ಕೇಳಿಲ್ಲದಿದ್ದರೆ ನೀವಾಗಿ ಎತ್ತಬೇಡಿ.

"ಬೇಗ ಸೇರುತ್ತೇನೆ" ಅನ್ನುವುದಕ್ಕೂ ದಿನ ಬೇಕು. ಈಗಿನ ಆಫೀಸಿಗೆ ಎಷ್ಟು ದಿನ ಮೊದಲು ಹೇಳಬೇಕು ಅಂತ ನೋಡಿಕೊಂಡು ಬರೆಯಿರಿ. ಅವಳಿಗೆ 15 ದಿನ.

ಈಗ ಮೇಲ್

ವಿಷಯ: ಅಕೌಂಟೆಂಟ್ ಹುದ್ದೆ – ಟ್ಯಾಲಿ, ಜಿಎಸ್‌ಟಿ, ಸ್ಟಾಕ್

ನಮಸ್ಕಾರ,

ಭಾನುವಾರದ ಪತ್ರಿಕೆಯಲ್ಲಿ ಬಂದ ನಿಮ್ಮ ಅಕೌಂಟೆಂಟ್ ಹುದ್ದೆಯ ಜಾಹೀರಾತಿಗೆ ಈ ಅರ್ಜಿ. ಬಿ.ಕಾಂ. ಆಗಿದೆ. ಒಂದೂವರೆ ವರ್ಷದಿಂದ ಧಾರವಾಡದ ಒಂದು ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಪ್ರೈಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ.

ಪ್ರತಿ ತಿಂಗಳು 12 ಅಂಗಡಿಗಳ ಜಿಎಸ್‌ಟಿಆರ್-1 ಮತ್ತು 3ಬಿ ತಯಾರು ಮಾಡುತ್ತೇನೆ, ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುತ್ತೇನೆ. ಇವುಗಳಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಅದರ ಸುಮಾರು 900 ಐಟಂಗಳ ಸ್ಟಾಕ್ ಲೆಕ್ಕವನ್ನೂ ನಾನೇ ಟ್ಯಾಲಿಯಲ್ಲಿ ಇಡುತ್ತೇನೆ.

ನೀವು ಕೇಳಿದ 2 ವರ್ಷಕ್ಕೆ ಆರು ತಿಂಗಳು ಕಡಿಮೆ ಇದೆ. 15 ದಿನದಲ್ಲಿ ಸೇರಬಲ್ಲೆ. ಸಂಬಳದ ನಿರೀಕ್ಷೆ ತಿಂಗಳಿಗೆ 20,000 ರೂಪಾಯಿ.

ಬಯೋಡೇಟಾ ಜೊತೆಗಿದೆ. ಸಂಜೆ 6ರ ನಂತರ ಫೋನಿನಲ್ಲಿ ಸಿಗುತ್ತೇನೆ, ಶನಿವಾರ ಬಂದು ಕಾಣಬಲ್ಲೆ.

(ಪೂರ್ತಿ ಹೆಸರು)
(ಮೊಬೈಲ್ ಸಂಖ್ಯೆ)

ಮಾಲೀಕರು ಕೇಳಿದ ಏಳಕ್ಕೂ ಉತ್ತರ ಸಿಕ್ಕಿತು. ವಿನಂತಿಯೇ ಇಲ್ಲದ ಅರ್ಜಿ ಒರಟು ಅನಿಸುತ್ತದೆ ಅಂತ ಕೆಲವರು ಹೇಳುತ್ತಾರೆ. "ನಮಸ್ಕಾರ" ಮತ್ತು "ನೀವು" ಇದ್ದರೆ ಗೌರವ ಅಲ್ಲೇ ಇದೆ, ಅಲ್ವಾ? "ಮಾನ್ಯರೇ" ಅಂತ ಬರೆಯಬೇಕು ಅನಿಸಿದರೆ ಬರೆಯಿರಿ, ಅದರಿಂದ ನಷ್ಟ ಇಲ್ಲ. ಕಳಕಳಿಯ ವಿನಂತಿಯ ಎರಡು ಸಾಲು ಮಾತ್ರ 2ಬಿಯ ಸಾಲನ್ನು ಪರದೆಯಿಂದ ಕೆಳಗೆ ತಳ್ಳುತ್ತದೆ.

ವಿಷಯದ ಸಾಲಿನ ಬಗ್ಗೆ ಒಂದು ಮಾತು. ಫೋನಿನ ಇನ್‌ಬಾಕ್ಸ್‌ನಲ್ಲಿ ಅದು ಒಂದೇ ಸಾಲು ಕಾಣುತ್ತದೆ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಕನ್ನಡ ಅಕ್ಷರಗಳು ಅಗಲ, ಹಾಗಾಗಿ ಜಾಗ ಇನ್ನೂ ಕಡಿಮೆ. ಹುದ್ದೆಯ ಹೆಸರು ಮೊದಲು ಬರಲಿ. "ಅಕೌಂಟೆಂಟ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿರುವ ಬಗ್ಗೆ" ಅನ್ನುವ ಸರ್ಕಾರಿ ಶೈಲಿಯಲ್ಲಿ ಅರ್ಧ ಸಾಲು ವ್ಯರ್ಥ. ಜಾಹೀರಾತಿನಲ್ಲಿ ಹುದ್ದೆಯ ಕೋಡ್ ಕೊಟ್ಟಿದ್ದರೆ ಅದನ್ನು ಇದ್ದ ಹಾಗೇ ಹಾಕಿ. ವಿಷಯದ ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ಕೆಲವು ಪದಗಳೂ ಕಾಣುತ್ತವೆ. ಅಲ್ಲಿ ನಿಮ್ಮ ಪೂರ್ತಿ ವಿಳಾಸ ಬರೆದಿದ್ದರೆ, ಅವರಿಗೆ ಕಾಣುವುದು ನಿಮ್ಮ ಮನೆ ನಂಬರ್ ಮಾತ್ರ. ಹಳೆಯ ಪತ್ರದ ಹಾಗೆ "ಇಂದ", "ಗೆ" ಬರೆಯುವುದು ಇಮೇಲ್‌ನಲ್ಲಿ ಬೇಡ.

ಕನ್ನಡದಲ್ಲಾ, ಇಂಗ್ಲಿಷಿನಲ್ಲಾ?

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ಇಂಗ್ಲಿಷ್ ಜಾಹೀರಾತಿಗೂ ಇದೇ ಕ್ರಮ ನಡೆಯುತ್ತದೆ, ಆದರೆ ಕನ್ನಡದಲ್ಲಿ ಬರೆದು ಪದಕ್ಕೆ ಪದ ಇಂಗ್ಲಿಷ್ ಮಾಡಬೇಡಿ. ನಿಮಗೆ ಸಲೀಸಾಗಿ ಬರುವ ಚಿಕ್ಕ ವಾಕ್ಯಗಳನ್ನೇ ಬಳಸಿ.

ಕನ್ನಡದಲ್ಲಿ ಕಳಿಸುವಾಗ ಒಂದು ಅಪಾಯ ಇದೆ. ಸೈಬರ್ ಸೆಂಟರಿನ ಅಥವಾ ಆಫೀಸಿನ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ, ಓದುವವರ ಫೋನಿನಲ್ಲಿ "ನಮಸ್ಕಾರ" ಅನ್ನುವುದು ಹೀಗೆ ಕಾಣುತ್ತದೆ:

```
£ÀªÀÄ¸ÁÌgÀ
```

ಆ ಫಾಂಟ್ ಅವರ ಫೋನಿನಲ್ಲಿ ಇಲ್ಲ, ಅಷ್ಟೇ ಕಾರಣ. ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಂದರೆ ಇಲ್ಲ. ಫೋನಿನ ಕನ್ನಡ ಕೀಬೋರ್ಡ್ ಯಾವಾಗಲೂ ಯುನಿಕೋಡ್. ನುಡಿಯಲ್ಲೂ ಯುನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಳ್ಳಬೇಕು. ಬಯೋಡೇಟಾ ಹಳೆಯ ಫಾಂಟ್‌ನಲ್ಲಿದ್ದರೆ ವರ್ಡ್ ಫೈಲ್ ಕಳಿಸಬೇಡಿ. ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ, ಎಲ್ಲಿ ತೆರೆದರೂ ಸರಿಯಾಗಿ ಕಾಣುತ್ತದೆ.

ಕಳಿಸುವ ಮೊದಲು

ಮೊದಲು ನಿಮಗೇ ಕಳಿಸಿಕೊಳ್ಳಿ. ಸಾಧ್ಯವಾದರೆ ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡಿ. ಅಕ್ಷರ ಸರಿ ಇದೆಯಾ, ಬೆರಳು ತಳ್ಳದೆ ಸಂಬಳದ ಸಾಲಿನವರೆಗೆ ಕಾಣುತ್ತದಾ, ಪಿಡಿಎಫ್ ತೆರೆಯುತ್ತದಾ, ಕಳಿಸಿದವರ ಹೆಸರು ಏನಂತ ಬರುತ್ತಿದೆ. ಕಾಲೇಜಿನಲ್ಲಿದ್ದಾಗ ತಮಾಷೆಗೆ ಇಟ್ಟ ಹೆಸರು ಎಷ್ಟೋ ಜನರ ಖಾತೆಯಲ್ಲಿ ಹಾಗೇ ಉಳಿದಿರುತ್ತದೆ, ತಮಗೆ ಕಾಣುವುದೇ ಇಲ್ಲ. ಈಗಿನ ಆಫೀಸು ಕೊಟ್ಟ ಇಮೇಲ್‌ನಿಂದ ಮಾತ್ರ ಕಳಿಸಲೇಬಾರದು.

ಫೈಲಿನ ಹೆಸರು "ನಿಮ್ಮ ಹೆಸರು, ಅಕೌಂಟೆಂಟ್" ಅಂತ ಇರಲಿ. ಡೌನ್‌ಲೋಡ್ ಮಾಡಿದ ಮೇಲೆ "ಬಯೋಡೇಟಾ ಹೊಸದು 3" ಯಾರದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಡ್ರೈವ್ ಲಿಂಕ್ ಬೇಡ. ಅನುಮತಿ ಕೊಡುವುದನ್ನು ನೀವು ಮರೆತರೆ ಅವರು ನಿಮ್ಮ ಒಪ್ಪಿಗೆಗಾಗಿ ಕಾಯುತ್ತಾ ಕೂರುವುದಿಲ್ಲ. ಆಧಾರ್, ಪ್ಯಾನ್, ಅಂಕಪಟ್ಟಿಗಳನ್ನು ಈ ಹಂತದಲ್ಲಿ ಸೇರಿಸಬೇಡಿ. ಅವು ಕೆಲಸ ಖಚಿತವಾದ ಮೇಲೆ ಕೊಡುವಂಥವು. ಅರ್ಜಿಯ ಜೊತೆ ನೋಂದಣಿ ಶುಲ್ಕ ಕಳಿಸಿ ಅನ್ನುವ ಜಾಹೀರಾತಿಗಂತೂ ಉತ್ತರವನ್ನೇ ಬರೆಯಬೇಡಿ.

ಅವರ ಇಮೇಲ್ ವಿಳಾಸವನ್ನು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ತುಂಬಿ. ಅರ್ಧ ಬರೆದದ್ದು ಬೆರಳು ತಾಗಿ ಹೋಗಿಬಿಡುವುದಿಲ್ಲ. ಹತ್ತು ಅಂಗಡಿಗೆ ಒಂದೇ ಮೇಲ್ ಕಳಿಸಿ, ಎಲ್ಲ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಮಾಡುವವರನ್ನು ನೋಡಿದ್ದೇನೆ. ಹಾಗೆ ಕಳಿಸಿದ ಮೇಲ್‌ಗೆ ಉತ್ತರ ಬಂದದ್ದನ್ನು ನೋಡಿಲ್ಲ.

ಅನುಭವವೇ ಇಲ್ಲದಿದ್ದರೆ

ಅನುಭವ ಕೇಳದ ಜಾಹೀರಾತುಗಳಿಗೆ ಇದೇ ಚೌಕಟ್ಟು ಸಾಕು. ಆದರೆ "ಟ್ಯಾಲಿ ಕೋರ್ಸ್ ಮುಗಿಸಿದ್ದೇನೆ" ಅಂತ ನಿಲ್ಲಿಸಬೇಡಿ. ಕೋರ್ಸ್ ಎಲ್ಲರೂ ಮಾಡಿರುತ್ತಾರೆ. ಮಾವನ ಕಿರಾಣಿ ಅಂಗಡಿಯ ಒಂದು ತಿಂಗಳ ಬಿಲ್ಲುಗಳನ್ನು ಅವರ ಒಪ್ಪಿಗೆ ಪಡೆದು ಟ್ಯಾಲಿಯಲ್ಲಿ ಹಾಕಿ, ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ಮಾಡಿ ನೋಡಿ. ವ್ಯತ್ಯಾಸ ಬಂದೇ ಬರುತ್ತದೆ. ಅದು ಎಲ್ಲಿಂದ ಬಂತು ಅಂತ ಹುಡುಕಿ. ಕೊಟ್ಟ ಚೆಕ್ ಇನ್ನೂ ಪಾಸಾಗಿರಲಿಕ್ಕಿಲ್ಲ, ಬ್ಯಾಂಕಿನವರು ಶುಲ್ಕ ಹಿಡಿದುಕೊಂಡಿರಬಹುದು. ಆಮೇಲೆ "ಒಂದು ಕಿರಾಣಿ ಅಂಗಡಿಯ ಒಂದು ತಿಂಗಳ ಲೆಕ್ಕ ಟ್ಯಾಲಿಯಲ್ಲಿ ಬರೆದು ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ಮಾಡಿದ್ದೇನೆ" ಅಂತ ಬರೆಯಬಹುದು. ಅದು ನಿಜ, ಮತ್ತು ಅದರ ಬಗ್ಗೆ ಕೇಳಿದರೆ ನಿಮ್ಮ ಬಳಿ ಉತ್ತರ ಇರುತ್ತದೆ.

ಕಳಿಸಿದ ಮೇಲೆ

ಮೇಲ್ ಕೆಲಸ ಮಾಡಿದರೆ ಉತ್ತರ ಬಹುಪಾಲು ಫೋನಿನಲ್ಲೇ ಬರುತ್ತದೆ. ಮಾಲೀಕರು ಮೇಲ್ ಮುಂದಿಟ್ಟುಕೊಂಡೇ ಕೇಳುತ್ತಾರೆ: "ಒಂದು ಬಿಲ್ 2ಬಿಯಲ್ಲಿ ಬಂದಿಲ್ಲ ಅಂದ್ರೆ ಏನ್ ಮಾಡ್ತೀರಿ?" "900 ಐಟಂ ಅಂದ್ರಲ್ಲ, ಎಣಿಸಿದಾಗ ಕಡಿಮೆ ಬಂದ್ರೆ?" ನೀವು ಬರೆದ ಪ್ರತಿ ಅಂಶಕ್ಕೂ ಇಂಥ ಒಂದೆರಡು ಪ್ರಶ್ನೆ ನೀವೇ ಹಾಕಿಕೊಂಡು, ಜೋರಾಗಿ ಉತ್ತರ ಹೇಳಿ ನೋಡಿ. ಯಾವ ಅಂಶಕ್ಕೆ ಉತ್ತರ ತಡವರಿಸುತ್ತದೋ ಅದನ್ನು ಮೇಲ್‌ನಿಂದ ತೆಗೆಯಿರಿ. ಇದನ್ನು ಕಳಿಸುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು.

ಒಂದು ವಾರ ಏನೂ ಸುದ್ದಿ ಇಲ್ಲದಿದ್ದರೆ ಅದೇ ಮೇಲ್‌ಗೆ ಉತ್ತರವಾಗಿ ಎರಡೇ ಸಾಲು ಬರೆಯಿರಿ. ಹೊಸ ಮೇಲ್ ಬೇಡ, ಹಳೆಯದು ಕೆಳಗೇ ಕಾಣಲಿ. "ನಮಸ್ಕಾರ, ಅಕೌಂಟೆಂಟ್ ಹುದ್ದೆಗೆ ಕಳೆದ ವಾರ ಅರ್ಜಿ ಕಳಿಸಿದ್ದೆ. ಹುದ್ದೆ ಇನ್ನೂ ಖಾಲಿ ಇದ್ದರೆ ಈ ಶನಿವಾರ ಬಂದು ಕಾಣಬಲ್ಲೆ." ಇದಕ್ಕೂ ಉತ್ತರ ಬರದಿದ್ದರೆ ಮೂರನೆಯದು ಬರೆಯಬೇಡಿ, ಮುಂದಿನ ಜಾಹೀರಾತಿಗೆ ಹೋಗಿ. ಆಗ ಈ ಮೇಲನ್ನೇ ನಕಲು ಮಾಡಿ ಕಳಿಸುವ ಆಸೆ ಆಗುತ್ತದೆ. ಮುಂದಿನದು ಬಟ್ಟೆ ಅಂಗಡಿಯದ್ದಾಗಿದ್ದರೆ ಹಾರ್ಡ್‌ವೇರ್‌ನ 900 ಐಟಂ ಅಲ್ಲಿ ಅಷ್ಟು ಉಪಯೋಗಕ್ಕೆ ಬಾರದು. ಆ ಹನ್ನೆರಡರಲ್ಲಿ ಬಟ್ಟೆ ಅಂಗಡಿ ಒಂದಿದೆಯಾ ನೋಡಿ.